ಸ್ಟಾರ್ಟ್ ಆಗಿ ಐದೇ ಸೆಕೆಂಡಿಗೆ ನಿಲ್ಲುವ ಬ್ರಷ್ ಕಟರ್: ಹಳೆ ಪೆಟ್ರೋಲ್, ಕಾರ್ಬ್ಯುರೇಟರ್, ಕೊನೆಗೆ ಟ್ಯಾಂಕಿನ ಮುಚ್ಚಳ

ಮೆಷಿನ್ ಹೆಬ್ರಿ ಕಡೆಯ ಅಡಿಕೆ ತೋಟದ್ದು. 43 ಸಿಸಿ, 2 ಸ್ಟ್ರೋಕ್, ಹೆಗಲಿಗೆ ಬೆಲ್ಟ್ ಹಾಕಿ ಹಿಡಿಯುವ ಸೈಡ್ ಪ್ಯಾಕ್, ಒಂದು ಲೀಟರಿನ ಟ್ಯಾಂಕ್. ಮೇ ಕೊನೆಯಲ್ಲಿ ಒಮ್ಮೆ ಹುಲ್ಲು ಹೆರೆದು, ಅರ್ಧ ಟ್ಯಾಂಕ್ ಪೆಟ್ರೋಲ್ ಇರುವಾಗಲೇ ಕೊಟ್ಟಿಗೆಯ ಮೂಲೆಗೆ ಒರಗಿಸಿದ್ದು. ಮಳೆ ಮುಗಿದು, ಅಡಿಕೆ ಕೊಯ್ಲಿಗೆ ಮೊದಲು ತೋಟ ಚೊಕ್ಕ ಮಾಡಬೇಕೆಂದು ಅಕ್ಟೋಬರಿನಲ್ಲಿ ಹೊರಗೆ ತೆಗೆದಾಗ ತೊಂದರೆ ಶುರು. ಚೋಕ್ ಹಾಕಿ ಆರೇಳು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ನಾಲ್ಕೈದು ಸೆಕೆಂಡ್ ಓಡುತ್ತದೆ, ಆಕ್ಸಿಲರೇಟರ್ ಮುಟ್ಟುವ ಮೊದಲೇ ನಿಲ್ಲುತ್ತದೆ. ಮತ್ತೆ ಎಳೆದರೆ ಮತ್ತೆ ಅದೇ.

ಇಂಥ ಮೆಷಿನ್ ಬಂದರೆ ಹೆಚ್ಚಿನ ಕಡೆ ನೇರ ಹೊಸ ಕಾರ್ಬ್ಯುರೇಟರ್ ಹಾಕುತ್ತಾರೆ. ಹೊಸದು ಹಾಕಿದ ಮೇಲೆ ಅಂಗಡಿ ಎದುರು ಚೆನ್ನಾಗಿ ಓಡುವ ಮೆಷಿನ್ ತೋಟಕ್ಕೆ ಹೋದ ಮೇಲೆ ಮತ್ತೆ ನಿಲ್ಲುವುದೂ ಉಂಟು. ಅದು ಯಾಕೆ ಎನ್ನುವುದು ಈ ಮೆಷಿನ್ನಿನಲ್ಲಿ ಸರಿಯಾಗಿ ಕಾಣಸಿಕ್ಕಿತು. ಇದರಲ್ಲಿ ಮೂರು ತೊಂದರೆ ಒಂದರ ಹಿಂದೆ ಒಂದು ಅಡಗಿದ್ದವು. ಒಂದನ್ನು ಸರಿ ಮಾಡಿದರೆ ಮುಂದಿನದು ಹೊರಬರುತ್ತಿತ್ತು.

ಬಿಚ್ಚುವ ಮೊದಲು

ಸ್ಟಾರ್ಟ್ ಆಗುತ್ತದೆ ಎಂದರೆ ಕಿಡಿ ಉಂಟು, ಕಂಪ್ರೆಷನ್ ಉಂಟು. ನಿಲ್ಲುತ್ತದೆ ಎಂದರೆ ಸಾಮಾನ್ಯವಾಗಿ ಪೆಟ್ರೋಲ್ ಮುಂದುವರಿದು ಬರುತ್ತಿಲ್ಲ. ಪ್ರೈಮರ್ ಬಲ್ಬ್ ಎಂಬ ರಬ್ಬರ್ ಗುಬ್ಬಿಯನ್ನು ಒತ್ತಿ ತುಂಬಿದ ಪೆಟ್ರೋಲ್ ಕಾರ್ಬ್ಯುರೇಟರಿನೊಳಗಿನ ಚಿಕ್ಕ ಕೋಣೆಯಲ್ಲಿ ನಿಂತಿರುತ್ತದೆ. ಅದು ಮುಗಿಯುವ ತನಕ ಎಂಜಿನ್ ಓಡುತ್ತದೆ. ಆ ನಾಲ್ಕೈದು ಸೆಕೆಂಡ್ ಅದರದ್ದೇ.

ಆದರೂ ಪ್ಲಗ್ ಒಮ್ಮೆ ಬಿಚ್ಚಿ ನೋಡಬೇಕು. ನಿಂತ ತಕ್ಷಣ ಬಿಚ್ಚಿದಾಗ ಪ್ಲಗ್ಗಿನ ಮೂತಿ ಒಣಗಿದ್ದರೆ ಪೆಟ್ರೋಲ್ ಸಾಕಾಗುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ತೊಟ್ಟಿಕ್ಕುವಂತಿದ್ದರೆ ಹೆಚ್ಚಾಗುತ್ತಿದೆ, ಅಥವಾ ಪೆಟ್ರೋಲಿನಲ್ಲಿ ನೀರಿದೆ. ಇಲ್ಲಿ ಒಣಗಿತ್ತು. ಇನ್ನೊಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ಸಾಯುವ ಹೊತ್ತಿಗೆ ಚೋಕನ್ನು ಅರ್ಧ ಮುಚ್ಚಬೇಕು. ಅದರಿಂದ ಮತ್ತೆ ಜೀವ ಬಂದರೆ ಪೆಟ್ರೋಲ್ ಕಡಿಮೆ ಎಂದು ಖಾತ್ರಿ. ಇಲ್ಲಿ ಚೋಕ್ ಅರ್ಧ ಇಟ್ಟಾಗ ಹತ್ತು ಸೆಕೆಂಡಿನ ತನಕ ಕುಂಟುತ್ತ ಓಡಿತು.

ಪ್ರೈಮರ್ ಬಲ್ಬ್ ಕೂಡ ಮಾತಾಡುತ್ತದೆ, ಕೇಳುವವರು ಕಡಿಮೆ. ಒತ್ತಿ ಬಿಟ್ಟಾಗ ಬಲ್ಬ್ ಚಪ್ಪಟೆಯಾಗಿಯೇ ಉಳಿದು ನಿಧಾನಕ್ಕೆ ಎದ್ದರೆ ಎಳೆಯುವ ಕಡೆ ಕಟ್ಟಿದೆ, ಎಂದರೆ ಫಿಲ್ಟರ್, ಪೈಪ್ ಅಥವಾ ಕಾರ್ಬ್ಯುರೇಟರಿನೊಳಗಿನ ಜಾಳಿಗೆ. ಒತ್ತುವುದಕ್ಕೇ ಗಟ್ಟಿಯಾಗಿದ್ದರೆ ಟ್ಯಾಂಕಿಗೆ ಮರಳುವ ಕಡೆ ಕಟ್ಟಿದೆ. ಎಷ್ಟು ಒತ್ತಿದರೂ ಗುಳ್ಳೆಯೇ ಬರುತ್ತಿದ್ದರೆ ಪೈಪ್ ಎಲ್ಲೋ ಒಡೆದು ಗಾಳಿ ಎಳೆಯುತ್ತಿದೆ, ಇಲ್ಲವೇ ಎರಡು ಪೈಪ್ ಅದಲುಬದಲಾಗಿವೆ. ಇಲ್ಲಿ ಬಲ್ಬ್ ಒತ್ತಿದ ಮೇಲೆ ಏಳಲು ಮೂರು ಸೆಕೆಂಡ್ ಹಿಡಿಯುತ್ತಿತ್ತು.

ಪೆಟ್ರೋಲ್

ಟ್ಯಾಂಕಿನಲ್ಲಿದ್ದುದನ್ನು ಪೂರ್ತಿ ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಅರ್ಧ ಗಂಟೆ ಅಲುಗಿಸದೆ ಇಟ್ಟದ್ದಾಯಿತು. ಮೇಲೆ 2ಟಿ ಆಯಿಲಿನ ಬಣ್ಣದ ಪೆಟ್ರೋಲ್. ತಳದಲ್ಲಿ ಅರ್ಧ ಬೆರಳು ದಪ್ಪಕ್ಕೆ ಬಣ್ಣವಿಲ್ಲದ, ಸ್ವಲ್ಪ ಮಬ್ಬಾದ ಇನ್ನೊಂದು ಪದರ. ವಾಸನೆ ಪೆಟ್ರೋಲಿನದ್ದಲ್ಲ, ಹಳೆ ವಾರ್ನಿಷಿನ ಹಾಗೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದ ತನಕ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿಯ ತನಕ ಆ ನೀರು ಪೆಟ್ರೋಲಿನಲ್ಲೇ ಕರಗಿರುತ್ತದೆ, ಮಿತಿ ದಾಟಿದರೆ ನೀರು ಎಥನಾಲನ್ನೂ ಕರೆದುಕೊಂಡು ತಳಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಗೇ ಬೂಸ್ಟು ಹಿಡಿಯುವಾಗ ವಾಷರ್ ಹೋದ ಕ್ಯಾನಿನ ಪೆಟ್ರೋಲ್ ನೀರು ಸೇರದೆ ಉಳಿಯುವುದಿಲ್ಲ. ಈ ಮೆಷಿನ್ನಿಗೆ ಕೊನೆಗೆ ಹಾಕಿದ್ದು ಅಂಥ ಕ್ಯಾನಿನಿಂದಲೇ. ಮಾಡಿನ ನೀರು ಹನಿಯುವ ಜಾಗದಲ್ಲಿ ಇಟ್ಟ ಕ್ಯಾನ್, ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿತ್ತು.

2 ಸ್ಟ್ರೋಕಿನಲ್ಲಿ ಇದು ಸ್ಟಾರ್ಟ್ ಆಗದಿರುವುದಕ್ಕಿಂತ ದೊಡ್ಡ ಅಪಾಯ. ಟ್ಯಾಂಕಿನೊಳಗಿನ ಫಿಲ್ಟರ್ ಭಾರಕ್ಕೆ ತಳದಲ್ಲೇ ಬಿದ್ದಿರುತ್ತದೆ, ಹಾಗಾಗಿ ಅದು ಮೊದಲು ಎಳೆಯುವುದು ಆ ತಳದ ಪದರವನ್ನು. ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನೊಂದಿಗೆ ಬೆರೆತೇ ಬರಬೇಕು, ಅದು ಇರುವುದು ಮೇಲಿನ ಪದರದಲ್ಲಿ. ಬಾಟಲಿಯಲ್ಲಿ ಬಣ್ಣ ಮೇಲೆಯೇ ಉಳಿದದ್ದು ಅದನ್ನೇ ತೋರಿಸುತ್ತದೆ. ಇಂಥದ್ದರಲ್ಲಿ ಹೇಗೋ ಓಡಿಸಿ ಆಕ್ಸಿಲರೇಟರ್ ಕೊಟ್ಟರೆ ಆಯಿಲ್ ಇಲ್ಲದ ಪಿಸ್ಟನ್ ಸಿಲಿಂಡರಿಗೆ ಉಜ್ಜಿ ಜಾಮ್ ಆಗುತ್ತದೆ. ಕಾರ್ಬ್ಯುರೇಟರ್ ರಿಪೇರಿಯಲ್ಲಿ ಮುಗಿಯಬೇಕಾದ ಖರ್ಚು ಸಿಲಿಂಡರಿನ ಬೋರಿಗೆ ಹೋಗಿ ಮುಟ್ಟುತ್ತದೆ. ಬಾಟಲಿಯನ್ನು ಕುಲುಕಿ ಮತ್ತೆ ಟ್ಯಾಂಕಿಗೆ ಹಾಕಿದರೂ ಆ ಪದರ ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ, ಮೇಲಿನದನ್ನು ಮಾತ್ರ ಸೋಸಿ ಬಳಸುವುದೂ ಬೇಡ. ಬಾವಿ ಕಟ್ಟೆಯ ಹತ್ತಿರವಾಗಲಿ ತೋಟದ ಕಣಿಗಾಗಲಿ ಚೆಲ್ಲಬಾರದು. ಮುರಕಲ್ಲಿನ ನೆಲದಲ್ಲಿ ಅದು ಇಳಿದು ಎಲ್ಲಿ ಏಳುತ್ತದೆಂದು ಹೇಳಲಾಗದು. ಗ್ಯಾರೇಜಿನವರು ಪಾರ್ಟ್ಸ್ ತೊಳೆಯಲು ತೆಗೆದುಕೊಳ್ಳುತ್ತಾರೆ, ಕೇಳಿ ಕೊಡಬಹುದು.

ಟ್ಯಾಂಕಿಗೆ 100 ಮಿಲಿ ಹೊಸ ಪೆಟ್ರೋಲ್ ಹಾಕಿ ಕುಲುಕಿ ಅದನ್ನೂ ಬಾಟಲಿಗೆ ಬಗ್ಗಿಸಿ, ಇನ್ನೊಮ್ಮೆ ಹಾಗೆಯೇ ಮಾಡಿದ್ದು. ತಂತಿಯನ್ನು ಕೊಕ್ಕೆ ಮಾಡಿ ಪೈಪ್ ಹಿಡಿದೆಳೆದರೆ ಫಿಲ್ಟರ್ ಬಾಯಿಯ ಹತ್ತಿರ ಬರುತ್ತದೆ. ಅದು ಕಂದುಗಟ್ಟಿ ಬಿರುಸಾಗಿತ್ತು, ತೊಳೆಯುವ ಗೋಜಿಲ್ಲದೆ ಹೊಸತು ಹಾಕಿದ್ದು. ಪೈಪನ್ನು ಟ್ಯಾಂಕಿನ ರಬ್ಬರ್ ಬುಶ್ಶಿನೊಳಗೆ ಹೋಗುವ ಜಾಗದಲ್ಲಿ ಬಗ್ಗಿಸಿ ನೋಡಬೇಕು, ಬಿರುಕು ಬರುವುದು ಅಲ್ಲಿಯೇ. ಇಲ್ಲಿ ಪೈಪ್ ಚೆನ್ನಾಗಿತ್ತು.

ಹೊಸ ಮಿಶ್ರಣ ಒಂದು ಲೀಟರಿಗೆ 40 ಮಿಲಿ 2ಟಿ ಆಯಿಲ್, ಎಂದರೆ 25ಕ್ಕೆ 1. ಇದು ಈ ಮೆಷಿನ್ನಿನ ಪುಸ್ತಕದಲ್ಲಿ ಇದ್ದ ಲೆಕ್ಕ. 50ಕ್ಕೆ 1 ಕೇಳುವ ಮೆಷಿನ್ನಿಗೆ 20 ಮಿಲಿ ಸಾಕು. ಮೆಷಿನ್ನಿನ ಮೇಲಿನ ಸ್ಟಿಕ್ಕರ್ ನೋಡದೆ ಪಕ್ಕದ ಮನೆಯ ಲೆಕ್ಕ ತರುವುದು ಬೇಡ.

ಇಷ್ಟಾದ ಮೇಲೆ ಮೂರೇ ಎಳೆತಕ್ಕೆ ಸ್ಟಾರ್ಟ್. ಆದರೆ ಓಡಿದ್ದು ಆರು ಸೆಕೆಂಡ್. ಬಲ್ಬ್ ಮೊದಲಿಗಿಂತ ಬೇಗ ಎದ್ದರೂ ಇನ್ನೂ ಸೋಮಾರಿಯೇ. ಹಾಗಾದರೆ ಕಟ್ಟಿರುವುದು ಇನ್ನೂ ಮುಂದೆ.

ಕಾರ್ಬ್ಯುರೇಟರ್

ಬೈಕಿನ ಕಾರ್ಬ್ಯುರೇಟರ್ ಬಿಚ್ಚಿ ಅಭ್ಯಾಸವಿರುವವರಿಗೆ ಇದು ಬೇರೆಯೇ ಜಾತಿ. ಇದರಲ್ಲಿ ಫ್ಲೋಟ್ ಇಲ್ಲ. ಮೆಷಿನ್ ಹೇಗೆ ಬಗ್ಗಿಸಿದರೂ ಓಡಬೇಕಾದ್ದರಿಂದ ತೆಳು ರಬ್ಬರ್ ಪೊರೆಗಳೇ ಎಲ್ಲ ಕೆಲಸ ಮಾಡುತ್ತವೆ. ಒಂದು ಬದಿಯ ಪೊರೆ ಪಂಪು. ಎಂಜಿನ್ನಿನ ಕ್ರ್ಯಾಂಕ್ ಕೇಸಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋದಂತೆ ಗಾಳಿಯ ಒತ್ತಡ ಏರಿಳಿಯುತ್ತದೆ, ಒಂದು ಸಣ್ಣ ತೂತಿನ ಮೂಲಕ ಆ ಮಿಡಿತ ಬಂದು ಪೊರೆಯನ್ನು ಬಡಿಯುತ್ತದೆ, ಪೊರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಬದಿಯ ಪೊರೆ ಎಷ್ಟು ಬೇಕೋ ಅಷ್ಟೇ ಒಳಬಿಡುತ್ತದೆ. ಅದು ಒಂದು ಸಣ್ಣ ಸನ್ನೆಯನ್ನು ಒತ್ತಿ ಸೂಜಿಯನ್ನು ತೆರೆಯುತ್ತದೆ.

ಎಂಜಿನ್ ಪೂರ್ತಿ ತಣಿದ ಮೇಲೆ, ಹೊರಗೆ ಗಾಳಿಯಾಡುವ ಜಾಗದಲ್ಲಿ, ಬೀಡಿ ಸಿಗರೇಟು ಒಲೆ ಏನೂ ಹತ್ತಿರವಿಲ್ಲದೆ ಕೆಲಸ. ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಎರಡು ಉದ್ದ ಬೋಲ್ಟ್. ಅವನ್ನು ಬಿಚ್ಚುವ ಮೊದಲು ಎರಡು ಪೈಪ್ ಎಲ್ಲೆಲ್ಲಿ ಹೋಗುತ್ತವೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಕಾರ್ಬ್ಯುರೇಟರ್ ಹೊರಬರುವಾಗ ಅದರ ಹಿಂದಿನ ಗ್ಯಾಸ್ಕೆಟ್ ಯಾವ ಮುಖವಾಗಿ ಕೂತಿತ್ತು ಎನ್ನುವುದರ ಫೋಟೋ ಕೂಡ. ಈ ಎರಡನೇ ಫೋಟೋ ಯಾಕೆಂದು ಮುಂದೆ ಗೊತ್ತಾಗುತ್ತದೆ.

ಪಂಪಿನ ಬದಿಗೆ ಒಂದೇ ಸ್ಕ್ರೂ. ಮುಚ್ಚಳ ಎತ್ತಿದರೆ ಗ್ಯಾಸ್ಕೆಟ್, ಅದರ ಅಡಿಗೆ ಪೊರೆ, ಅದರ ಅಡಿಗೆ ಒಂದು ಗುಂಡಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಜಾಳಿಗೆ. ಕಟ್ಟಿದ್ದು ಅಲ್ಲಿ. ಜಾಳಿಗೆಯ ತೂತುಗಳೇ ಕಾಣದಂತೆ ಜೇನಿನ ಬಣ್ಣದ ಅಂಟು. ಸೂಜಿಯ ಮೊನೆಯಿಂದ ಅಂಚು ಹಿಡಿದೆತ್ತಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು, ಬೆಳಕಿಗೆ ಹಿಡಿದಾಗ ಎಲ್ಲ ಕಣ್ಣೂ ತೆರೆಯುವ ತನಕ ತೊಳೆದದ್ದು.

ಪೊರೆಯಲ್ಲಿ ಎರಡು ಸಣ್ಣ ನಾಲಗೆಗಳಿರುತ್ತವೆ, ಅವೇ ಪಂಪಿನ ವಾಲ್ವ್. ಚಪ್ಪಟೆಯಾಗಿ ಮಲಗಿರಬೇಕು. ಇಲ್ಲಿ ಒಂದು ನಾಲಗೆ ಬಿಸಿಲಿಗೆ ಬಿದ್ದ ಎಲೆಯಂತೆ ಸುರುಟಿತ್ತು. ಇನ್ನೊಂದು ಬದಿಯ, ಎಂದರೆ ಪ್ರೈಮರ್ ಬಲ್ಬಿನ ಬದಿಯ, 4 ಸ್ಕ್ರೂ ಬಿಚ್ಚಿ ತೆಗೆದ ದೊಡ್ಡ ಪೊರೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಮೆಲ್ಲ ಒತ್ತಿದರೆ ಹಪ್ಪಳದ ಹಾಗೆ ಸದ್ದು. ಚೆನ್ನಾಗಿರುವ ಪೊರೆ ಸದ್ದು ಮಾಡುವುದಿಲ್ಲ. ಸದ್ದು ಮಾಡುವ ಪೊರೆಯನ್ನು ಎಷ್ಟು ತೊಳೆದರೂ ಮೆತ್ತಗಾಗುವುದಿಲ್ಲ. ಹಾಗಾಗಿ ರಿಪೇರಿ ಕಿಟ್ ಹಾಕಬೇಕಾಯಿತು. ಕಿಟ್ ಕೇಳುವಾಗ ಮೆಷಿನ್ನಿನ ಹೆಸರಿಗಿಂತ ಕಾರ್ಬ್ಯುರೇಟರಿನ ಮೈಮೇಲೆ ಅಚ್ಚೊತ್ತಿದ ನಂಬರ್ ಹೇಳಿದರೆ ಸರಿಯಾದದ್ದು ಸಿಗುತ್ತದೆ.

ತೊಳೆಯುವಾಗ ಹಾಳಾಗುವುದು ಹೆಚ್ಚು. ತೂತುಗಳಿಗೆ ತಂತಿ ತುರುಕಿದರೆ ತೂತು ದೊಡ್ಡದಾಗಿ, ಆಮೇಲೆ ಎಷ್ಟು ತಿರುಗಿಸಿದರೂ ಟ್ಯೂನಿಂಗ್ ನಿಲ್ಲುವುದಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಒಂದು ಎಳೆ ಸಾಕು. ಪಂಕ್ಚರ್ ಅಂಗಡಿಯ ಗಾಳಿಯನ್ನು ನೇರ ಹೊಡೆದರೆ ಒಳಗಿನ ಏಕಮುಖ ವಾಲ್ವಿನ ರಬ್ಬರ್ ಹಾರಿಹೋಗಬಹುದು. ಪೊರೆಗಳನ್ನು ಕ್ಲೀನರಿನಲ್ಲಿ ಅದ್ದಿದರೆ ಉಬ್ಬುತ್ತವೆ. ಪೆಟ್ರೋಲಿನ ಪ್ರಮಾಣ ಹೊಂದಿಸುವ ಎಚ್ ಮತ್ತು ಎಲ್ ಸ್ಕ್ರೂಗಳನ್ನು ತೆಗೆಯುವುದಾದರೆ ಮೊದಲು ಮೆಲ್ಲ ಒಳಗೆ ತಿರುಗಿಸಿ, ಕೂರುವ ತನಕ ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಸೂಜಿಯ ಸನ್ನೆಯ ಅಡಿಗೆ ಅಕ್ಕಿ ಕಾಳಿನಷ್ಟು ಸ್ಪ್ರಿಂಗ್ ಉಂಟು. ಅದು ಹಾರಿದರೆ ಅಂಗಳದಲ್ಲಿ ಹುಡುಕಿ ಸಿಗುವುದಲ್ಲ, ಕೆಳಗೆ ಬಿಳಿ ಬೈರಾಸು ಹಾಸಿ ಬಿಚ್ಚುವುದು ಲೇಸು. ಸನ್ನೆಯ ಎತ್ತರವನ್ನು ಕಣ್ಣಂದಾಜಿಗೆ ಬಗ್ಗಿಸಬಾರದು. ಎತ್ತರವಾದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾಗುತ್ತದೆ, ತಗ್ಗಾದರೆ ಇದೇ ಮೊದಲಿನ ಕಾಯಿಲೆ.

ಜೋಡಿಸುವ ಕ್ರಮ ಎರಡೂ ಬದಿಗೆ ಒಂದೇ ಅಲ್ಲ. ಈ ಕಾರ್ಬ್ಯುರೇಟರಿನಲ್ಲಿ ಪಂಪಿನ ಬದಿಗೆ ಮೈಗೆ ತಾಗಿ ಪೊರೆ, ಮೇಲೆ ಗ್ಯಾಸ್ಕೆಟ್. ದೊಡ್ಡ ಪೊರೆಯ ಬದಿಗೆ ಮೈಗೆ ತಾಗಿ ಗ್ಯಾಸ್ಕೆಟ್, ಮೇಲೆ ಪೊರೆ. ಬೇರೆ ಮಾದರಿಗಳಲ್ಲಿ ಬದಲಾಗಬಹುದು, ಬಿಚ್ಚುವಾಗಿನ ಫೋಟೋವನ್ನೇ ನಂಬಬೇಕು.

ಈಗ ಆ ಎರಡನೇ ಫೋಟೋ. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ಟಿನಲ್ಲಿ ದೊಡ್ಡ ತೂತಿನ ಪಕ್ಕ ಕಡ್ಡಿ ಹೋಗುವಷ್ಟು ಚಿಕ್ಕ ತೂತೊಂದು ಇರುತ್ತದೆ. ಮಿಡಿತ ಬರುವುದು ಅದರಿಂದ. ಗ್ಯಾಸ್ಕೆಟ್ ತಿರುಗುಮುರುಗಾಗಿ ಕೂತರೆ ಬೋಲ್ಟಿನ ತೂತುಗಳು ಸರಿಯಾಗಿಯೇ ಹೊಂದುತ್ತವೆ, ಆದರೆ ಮಿಡಿತದ ತೂತು ಮುಚ್ಚಿಹೋಗುತ್ತದೆ. ಪಂಪು ಆಗ ಆಡುವುದೇ ಇಲ್ಲ. ಬಲ್ಬ್ ಒತ್ತಿದಷ್ಟು ಪೆಟ್ರೋಲಿಗೆ ಸ್ಟಾರ್ಟ್ ಆಗಿ ಐದು ಸೆಕೆಂಡಿಗೆ ನಿಲ್ಲುತ್ತದೆ. ಹೊಸ ಕಾರ್ಬ್ಯುರೇಟರ್ ಹಾಕಿದರೂ ಅದೇ ಕಾಯಿಲೆ ಎಂದು ತಲೆಕೆಡಿಸಿಕೊಳ್ಳುವ ಮೆಷಿನ್ನುಗಳಲ್ಲಿ ಮೊದಲು ನೋಡಬೇಕಾದದ್ದು ಇದು.

ಕೂಡಿಸಿ, ಟ್ಯಾಂಕಿಗೆ ಸುಮಾರು 200 ಮಿಲಿ ಹಾಕಿ ಸ್ಟಾರ್ಟ್ ಮಾಡಿದಾಗ ಬಲ್ಬ್ ಒತ್ತಿದ ಕೂಡಲೇ ಎದ್ದಿತು. ಎರಡನೇ ಎಳೆತಕ್ಕೆ ಎಂಜಿನ್ ಹಿಡಿಯಿತು. ಐಡಲ್ ಸಮ, ಆಕ್ಸಿಲರೇಟರಿಗೆ ಒಳ್ಳೆಯ ಓಟ, ಹತ್ತು ನಿಮಿಷ ಅಂಗಳದ ಬದಿಯ ಹುಲ್ಲಿನಲ್ಲಿ ಓಡಿಸಿದರೂ ತಕರಾರಿಲ್ಲ. ಸರಿಯಾಯಿತೆಂದು ಇಲ್ಲಿಗೇ ಬಿಟ್ಟುಬಿಡುವುದು ಸಾಮಾನ್ಯ.

ಟ್ಯಾಂಕ್ ತುಂಬಿಸಿದ ಮೇಲೆ

ಟ್ಯಾಂಕನ್ನು ಕುತ್ತಿಗೆಯ ತನಕ ತುಂಬಿಸಿ ಕಮ್ಯುನಿಸ್ಟ್ ಗಿಡ, ನಾಚಿಕೆಮುಳ್ಳು ಬೆಳೆದ ಬದಿಗೆ ಒಯ್ದದ್ದು. ಮೂರು ನಿಮಿಷ ಜೋರಾಗಿ ಓಡಿ, ಸ್ವರ ತೆಳುವಾಗಿ, ಹಾಗೆಯೇ ಸತ್ತಿತು. ತಕ್ಷಣ ಹಗ್ಗ ಎಳೆದರೆ ಸ್ಟಾರ್ಟ್, ಐದು ಸೆಕೆಂಡಿಗೆ ನಿಲುಗಡೆ. ನೋಡಿದವರು ಕಾರ್ಬ್ಯುರೇಟರ್ ಮತ್ತೆ ಕಟ್ಟಿದೆ ಎನ್ನುತ್ತಾರೆ. ಈ ಎರಡು ಅಂಕಿಯನ್ನು ಒಟ್ಟಿಗೆ ಓದಬೇಕು: ಮೊದಲ ಸಲ ಮೂರು ನಿಮಿಷ, ಎರಡನೇ ಸಲ ಐದು ಸೆಕೆಂಡ್. ಕಟ್ಟಿದ ಜಾಳಿಗೆ ಮೊದಲ ಸಲ ಮೂರು ನಿಮಿಷ ಬಿಡುವುದಿಲ್ಲ.

ಮುಚ್ಚಳವನ್ನು ಮೆಲ್ಲ ಸಡಿಲಿಸಿದಾಗ ಗಾಳಿ ಒಳಗೆ ಹೋಗುವ ‘ಸುಯ್’ ಎಂಬ ಸದ್ದು ಬಂತು. ಮತ್ತೆ ಬಿಗಿ ಮಾಡಿ ಸ್ಟಾರ್ಟ್ ಮಾಡಿದರೆ ಎಂಜಿನ್ ಮೊದಲಿನ ಹಾಗೆ ಓಡಿತು, ಇನ್ನೊಂದಿಷ್ಟು ನಿಮಿಷ.

ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಉಸಿರುಕಿಂಡಿ ಇರುತ್ತದೆ. ಕಿಂಡಿ ಮುಚ್ಚಿದ್ದರೆ ಒಳಗೆ ಸೆಳೆತ ಹುಟ್ಟಿ, ಪಂಪಿನ ಪೊರೆಗೆ ಎಳೆಯಲಾಗದ ಹಂತಕ್ಕೆ ಹೋಗುತ್ತದೆ. 200 ಮಿಲಿಯಲ್ಲಿ ಸರಿ ಇದ್ದದ್ದು ತುಂಬಿದ ಟ್ಯಾಂಕಿನಲ್ಲಿ ಹೇಗೆ ನಿಂತಿತು? ಈ ಗಾತ್ರದ ಎಂಜಿನ್ ಕೆಲಸದಲ್ಲಿರುವಾಗ ಗಂಟೆಗೆ ಸುಮಾರು 800 ಮಿಲಿ ಕುಡಿಯುತ್ತದೆ ಎಂದು ಇಟ್ಟುಕೊಂಡರೆ ಮೂರು ನಿಮಿಷಕ್ಕೆ 40 ಮಿಲಿ. ಕುತ್ತಿಗೆಯ ತನಕ ತುಂಬಿದ ಟ್ಯಾಂಕಿನಲ್ಲಿ ಗಾಳಿ ಇರುವುದು 50 ಮಿಲಿಯಷ್ಟು. ಆ 50 ಮಿಲಿ ಗಾಳಿ ಹಿಗ್ಗಿ 90 ಮಿಲಿಯ ಜಾಗ ತುಂಬಬೇಕು, ಒತ್ತಡ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುವ ಲೆಕ್ಕ. 200 ಮಿಲಿ ಮಾತ್ರ ಇರುವಾಗ ಗಾಳಿ 850 ಮಿಲಿ. ಅದು 890 ಆದರೆ ಒತ್ತಡ ಇಳಿಯುವುದು ನೂರಕ್ಕೆ ನಾಲ್ಕೈದು, ಪಂಪಿಗೆ ಅದು ಗೊತ್ತೂ ಆಗುವುದಿಲ್ಲ. ಪೆಟ್ರೋಲಿನ ಆವಿಯೂ ಸ್ವಲ್ಪ ಜಾಗ ತುಂಬುವುದರಿಂದ ನಿಜದಲ್ಲಿ ಲೆಕ್ಕದಷ್ಟು ಇಳಿಯದು, ಆದರೆ ಎರಡರ ನಡುವಿನ ಅಂತರ ಇಷ್ಟೇ ದೊಡ್ಡದು. ಅಂಗಡಿಯಲ್ಲಿ ಚೂರು ಪೆಟ್ರೋಲ್ ಹಾಕಿ ಪರೀಕ್ಷಿಸಿದ ಮೆಷಿನ್ ತೋಟದಲ್ಲಿ ನಿಲ್ಲುವುದು ಇದರಿಂದ. ಸೆಳೆತ ಉಳಿದಿರುವಾಗಲೇ ಮತ್ತೆ ಸ್ಟಾರ್ಟ್ ಮಾಡಿದರೆ ಓಡುವುದು ಕಾರ್ಬ್ಯುರೇಟರಿನೊಳಗೆ ಉಳಿದಷ್ಟು ಮಾತ್ರ, ಅದಕ್ಕೇ ಐದು ಸೆಕೆಂಡ್.

ಮುಚ್ಚಳದ ಮೇಲ್ಮುಖದ ಕಿಂಡಿಯಲ್ಲಿ ಸಿಕ್ಕಿದ್ದು ಕೆಂಪು ಮಣ್ಣು, ಒತ್ತಿ ಮೆತ್ತಿದ ಹಾಗೆ. ಕುಂಬಾರ ಹುಳದ ಕೆಲಸ. ಬಾಗಿಲ ಬೀಗದ ತೂತು, ಪಂಪ್‌ಸೆಟ್ಟಿನ ಪೈಪು, ಏನಾದರೂ ತೂತು ಕಂಡರೆ ಅದಕ್ಕೆ ಮನೆ. ಒಳಗಡೆ ಕಿಂಡಿಗೆ ಸಣ್ಣ ರಬ್ಬರ್ ಕೊಕ್ಕು ಉಂಟು. ಗಾಳಿಯನ್ನು ಒಳಗೆ ಬಿಟ್ಟು ಪೆಟ್ರೋಲನ್ನು ಹೊರಗೆ ಬಿಡದ ವಾಲ್ವ್ ಅದು. ಆಯಿಲಿನ ಅಂಟಿಗೆ ಅದರ ತುಟಿಯೂ ಅಂಟಿಕೊಂಡಿತ್ತು. ಕೆಲವು ಮೆಷಿನ್ನುಗಳಲ್ಲಿ ಇದು ಮುಚ್ಚಳದಲ್ಲಿರುವುದಿಲ್ಲ, ಟ್ಯಾಂಕಿನ ರಬ್ಬರ್ ಬುಶ್ಶಿನಿಂದ ಹೊರಬರುವ ಮೂರನೇ ಗಿಡ್ಡ ಪೈಪಿನ ತುದಿಯಲ್ಲಿರುತ್ತದೆ.

ಮುಚ್ಚಳವನ್ನು ಹೊಸ ಪೆಟ್ರೋಲಿನಲ್ಲಿ ಹತ್ತು ನಿಮಿಷ ನೆನೆಸಿ, ಹಳೆ ಟೂತ್‌ಬ್ರಷ್ಷಿನಿಂದ ಮಣ್ಣು ತೆಗೆದು, ಕೊಕ್ಕನ್ನು ಬೆರಳುಗಳ ನಡುವೆ ಮೆಲ್ಲ ಹಿಸುಕಿ ತುಟಿ ಬಿಡಿಸಿದ್ದು. ಪಿನ್ ಚುಚ್ಚಬಾರದು, ತುಟಿ ಹರಿದರೆ ಮೆಷಿನ್ ಬಗ್ಗಿಸಿದಾಗೆಲ್ಲ ಪೆಟ್ರೋಲ್ ಹನಿಯುತ್ತದೆ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡುವ ಉಪಾಯವೂ, ಮುಚ್ಚಳ ಸಡಿಲ ಇಟ್ಟು ಕೆಲಸ ಮಾಡುವುದೂ ಅದೇ ಕಾರಣಕ್ಕೆ ಬೇಡ.

ಸರಿಯಾಯಿತೇ ಎಂದು ನೋಡಲು ಮೆಡಿಕಲಿನಲ್ಲಿ ಸಿಗುವ 20 ಮಿಲಿ ಸಿರಿಂಜ್, ಸೂಜಿ ಇಲ್ಲದೆ, ತುದಿಗೆ ಒಂದು ಇಂಚು ರಬ್ಬರ್ ಪೈಪ್ ಸಿಕ್ಕಿಸಿ ಹೊರಗಿನ ಕಿಂಡಿಗೆ ಒತ್ತಿ ಹಿಡಿಯಬೇಕು. ಒಳಗೆ ದೂಡಿದರೆ ಗಾಳಿ ಸಲೀಸಾಗಿ ಹೋಗಬೇಕು. ಹಿಂದಕ್ಕೆ ಎಳೆದರೆ ಹಿಡಿದುಕೊಳ್ಳಬೇಕು. ಎರಡೂ ದಿಕ್ಕಿಗೆ ಹೋದರೆ ಕೊಕ್ಕು ಹರಿದಿದೆ, ಎರಡೂ ದಿಕ್ಕಿಗೆ ಹೋಗದಿದ್ದರೆ ಇನ್ನೂ ಕಟ್ಟಿದೆ. ಆಗ ಮುಚ್ಚಳವನ್ನೇ ಬದಲಿಸುವುದು ಸುಲಭ. ಇಲ್ಲಿ ತೊಳೆದದ್ದೇ ಸಾಕಾಯಿತು.

ಇಷ್ಟಾದ ಮೇಲೂ ನಿಂತರೆ, ಮುಚ್ಚಳ ಸಡಿಲಿಸಿದರೂ ಸದ್ದಿಲ್ಲ, ಬಿಸಿಯಾದಾಗ ಮಾತ್ರ ನಿಂತು ಅರ್ಧ ಗಂಟೆ ತಣಿದ ಮೇಲೆ ಮತ್ತೆ ಓಡುತ್ತದೆ ಎಂದಾದರೆ ಅದು ಹೆಚ್ಚಾಗಿ ಪೆಟ್ರೋಲಿನ ವಿಷಯವಲ್ಲ, ಇಗ್ನಿಷನ್ ಕಾಯಿಲಿನದ್ದು. ನಿಂತ ಕೂಡಲೇ ಕಿಡಿ ನೋಡಿದರೆ ಗೊತ್ತಾಗುತ್ತದೆ.

ಕೊನೆಯ ಪರೀಕ್ಷೆ ತುಂಬಿದ ಟ್ಯಾಂಕಿನಲ್ಲೇ, ಬ್ಲೇಡ್ ಹಾಕಿಯೇ. ಭಾರವಿಲ್ಲದೆ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹಿಡಿಯುವುದು ಎಂಜಿನ್ನಿಗೆ ಒಳ್ಳೆಯದಲ್ಲ. ಕುತ್ತಿಗೆಯ ತನಕ ತುಂಬಿಸಿ ಹುಲ್ಲು ಹೆರೆಯಲು ಬಿಟ್ಟಾಗ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಓಡಿ ಟ್ಯಾಂಕ್ ಖಾಲಿಯಾಗಿ ನಿಂತಿತು. ಮುಚ್ಚಳ ತೆರೆದಾಗ ಸದ್ದಿರಲಿಲ್ಲ. ಕೆಲಸ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಐಡಲಿನಲ್ಲಿ ತಾನಾಗಿ ನಿಲ್ಲುವ ತನಕ ಓಡಿಸಿ, ಮುಚ್ಚಳದ ಮೇಲೆ ಹಳೆ ಬಟ್ಟೆಯ ತುಂಡು ಕಟ್ಟಿ ಇಟ್ಟದ್ದು, ಕುಂಬಾರ ಹುಳ ಮತ್ತೆ ಕಿಂಡಿ ಮುಚ್ಚದ ಹಾಗೆ.